ಫೋನಿಗೆ ಬೇರೆ ಮಲಗುವ ಜಾಗ

ಕಳೆದ ಮಳೆಗಾಲದಲ್ಲಿ ತಂಗಿಯ ಮಗ ಎರಡು ದಿನದ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದ. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಅವನಿಗೆ ಕೆಲಸ. ವಿಜಯನಗರದಲ್ಲಿ ಗೆಳೆಯನ ಜೊತೆ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ರಾತ್ರಿ ಊಟ ಮುಗಿಸಿ 11 ಗಂಟೆಗೆ ಸರಿಯಾಗಿ "ಮಲಗ್ತೀನಿ ದೊಡ್ಡಮ್ಮ, ತುಂಬಾ ಸುಸ್ತು" ಎಂದು ಹಾಲ್‌ನಲ್ಲಿ ಹಾಸಿದ ಹಾಸಿಗೆಗೆ ಹೋದ. ನೀರು ಕುಡಿಯಲೆಂದು ನಾನು ಎದ್ದಾಗ ಹನ್ನೆರಡೂವರೆ ದಾಟಿತ್ತು. ಹೊದಿಕೆಯ ಅಂಚಿನಿಂದ ಬೆಳಕು ಸೋರುತ್ತಿತ್ತು. ಒಳಗೆ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ತಳ್ಳುತ್ತಲೇ ಇತ್ತು. ಬೆಳಿಗ್ಗೆ ಅದೇ ಫೋನಿನ ಅಲಾರಂ 7ರಿಂದ ಮುಕ್ಕಾಲು ಗಂಟೆ ಬಿಟ್ಟು ಬಿಟ್ಟು ಹೊಡೆದುಕೊಂಡಿತು. ಕಾಫಿ ಲೋಟ ಹಿಡಿದು ಕೂತವನು ಹೇಳಿದ: "11ಕ್ಕೇ ಮಲಗ್ತೀನಿ ದೊಡ್ಡಮ್ಮ. ಆದ್ರೂ ನಿದ್ದೆ ಸಾಲಲ್ಲ. ನನಗೇನೋ ಕಾಯಿಲೆ ಇರಬೇಕು."

ಅವನು ಸುಳ್ಳು ಹೇಳಿರಲಿಲ್ಲ. ನಮ್ಮ ಭಾಷೆಯಲ್ಲಿ ಮಲಗುವುದು ಅಂದರೆ ಮೈ ಚಾಚುವುದೂ ಹೌದು, ನಿದ್ದೆ ಮಾಡುವುದೂ ಹೌದು. ಫೋನು ಹಿಡಿದು ಹಾಸಿಗೆಗೆ ಹೋಗುವವರಲ್ಲಿ ಈ ಎರಡರ ನಡುವೆ ಒಂದೂವರೆ, ಎರಡು ಗಂಟೆಯ ಕಂದಕ ಬಿದ್ದಿರುತ್ತದೆ. ಅದು ಅವರ ಲೆಕ್ಕಕ್ಕೇ ಬಂದಿರುವುದಿಲ್ಲ.

ಹಾಗಾಗಿ ಮೊದಲು ಲೆಕ್ಕ ಬರೆಯೋಣ ಅಂದೆ. ಬೆಂಗಳೂರಿಗೆ ಹೋದ ಮೇಲೆ ಒಂದು ವಾರ ದಿನವೂ ಬೆಳಿಗ್ಗೆ ನಾಲ್ಕು ಸಂಗತಿ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡು: ಹಾಸಿಗೆಗೆ ಹೋಗಿದ್ದು ಎಷ್ಟು ಹೊತ್ತಿಗೆ, ಫೋನು ಕೆಳಗಿಟ್ಟಿದ್ದು ಯಾವಾಗ, ಕಣ್ಣು ಹತ್ತಿದ್ದು ಸುಮಾರು ಯಾವಾಗ, ಎದ್ದಿದ್ದು ಯಾವಾಗ. ವಾರದ ಕೊನೆಗೆ ಅವನು ಕಳಿಸಿದ ಸರಾಸರಿ ಹೀಗಿತ್ತು: ಹಾಸಿಗೆಗೆ 11, ಫೋನು ಕೆಳಗೆ 12:40, ನಿದ್ದೆ 1:10, ಎದ್ದದ್ದು 7:45. ಹಾಸಿಗೆಯಲ್ಲಿ ಕಳೆದದ್ದು ಎಂಟು ಮುಕ್ಕಾಲು ಗಂಟೆ. ನಿದ್ದೆಗೆ ಸಿಕ್ಕಿದ್ದು ಆರೂವರೆ ಗಂಟೆ ಚಿಲ್ಲರೆ. ಅಂದರೆ ಹಾಸಿಗೆಯ ಹೊತ್ತಿನಲ್ಲಿ ಕಾಲು ಭಾಗ ಎಚ್ಚರದಲ್ಲೇ ಹೋಗಿತ್ತು. ಭಾನುವಾರ ಮಾತ್ರ ಹತ್ತೂವರೆಗೆ ಎದ್ದಿದ್ದ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂದು ನಿದ್ರಾತಜ್ಞರು ಹೇಳುತ್ತಾರೆ. ದೀಪ ಆರಿಸಿದ ಮೇಲೆ ಹತ್ತು, ಇಪ್ಪತ್ತು ನಿಮಿಷದಲ್ಲಿ ಕಣ್ಣು ಹತ್ತಿದರೆ ಅದು ಸಹಜ. ಈ ಅಳತೆಯಲ್ಲಿ ನೋಡಿದರೆ ಹುಡುಗನಿಗೆ ದಿನಕ್ಕೆ ಅರ್ಧ ಗಂಟೆ ಸಾಲ, ಜೊತೆಗೆ ಫೋನು ಇಟ್ಟ ಮೇಲೂ ಅರ್ಧ ಗಂಟೆ ಹೊರಳಾಟ. ಈ ಹೊರಳಾಟವೇ ನಮಗೆ ಮುಖ್ಯವಾದ ಸುಳಿವು.

ಬೆಳಕಿನ ಪಾಲು ಎಷ್ಟು?

ಫೋನಿನಿಂದ ನಿದ್ದೆ ಕೆಡುತ್ತದೆ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವ ಮಾತು ನೀಲಿ ಬೆಳಕು. ಅದರಲ್ಲಿ ನಿಜವಿದೆ. ನಮ್ಮ ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕೆಂದು ಇರುವ ಕೋಶಗಳ ಜೊತೆಗೆ, ಹಗಲೋ ಇರುಳೋ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ಬೇರೆ ಕೋಶಗಳಿವೆ. ಅವು ನೀಲಿ ಬೆಳಕಿಗೆ ಹೆಚ್ಚು ಸೂಕ್ಷ್ಮ. ರಾತ್ರಿ ಅವುಗಳ ಮೇಲೆ ಬೆಳಕು ಬಿದ್ದರೆ 'ಇರುಳಾಯಿತು' ಎಂದು ಮೈಗೆ ಸಾರುವ ಮೆಲಟೋನಿನ್ ಎಂಬ ಹಾರ್ಮೋನು ತಡವಾಗಿ ಒಸರುತ್ತದೆ.

ಆದರೆ ಆ ತಡ ಎಷ್ಟು? ಅಮೆರಿಕದ ಬಾಸ್ಟನ್‌ನಲ್ಲಿ ಆನ್ ಮೇರಿ ಚಾಂಗ್ ಮತ್ತು ಸಂಗಡಿಗರು ಇದನ್ನು ಅಳೆದರು. 12 ಮಂದಿ ಐದು ರಾತ್ರಿ, ಮಲಗುವ ಮುಂಚಿನ 4 ಗಂಟೆ ಕಾಲ ಹೊಳೆಯುವ ಪರದೆಯ ಮೇಲೆ ಓದಿದರು. ಇನ್ನೈದು ರಾತ್ರಿ ಅಚ್ಚಾದ ಪುಸ್ತಕ ಓದಿದರು. ಪರದೆ ನೋಡಿದ ರಾತ್ರಿಗಳಲ್ಲಿ ಮೆಲಟೋನಿನ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆದರೆ ನಿದ್ದೆ ತಡವಾದದ್ದು ಸುಮಾರು 10 ನಿಮಿಷ ಮಾತ್ರ. ಪೂರ್ತಿ ಪ್ರಕಾಶದಲ್ಲಿ, ನಾಲ್ಕು ಗಂಟೆ ನೋಡಿದ್ದಕ್ಕೆ ಹತ್ತು ನಿಮಿಷ. ನಮ್ಮ ಹುಡುಗನ ನೋಟ್‌ಬುಕ್ಕಿನಲ್ಲಿ ಕಾಣೆಯಾಗಿದ್ದು ಎರಡು ಗಂಟೆ ಹತ್ತು ನಿಮಿಷ. ಉಳಿದ ಎರಡು ಗಂಟೆಗೆ ಬೆಳಕಿನಾಚೆ ಬೇರೆ ಕಾರಣ ಇರಲೇಬೇಕು.

ಈ ಲೆಕ್ಕ ಏಕೆ ಮುಖ್ಯವೆಂದರೆ, ಎಷ್ಟೋ ಜನ ಪರದೆಯನ್ನು ಹಳದಿ ಮಾಡಿಕೊಂಡು ಅಥವಾ ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಸಾವಿರಾರು ರೂಪಾಯಿ ಕೊಟ್ಟು, ಸಮಸ್ಯೆ ಬಗೆಹರಿಯಿತು ಎಂದು ಮತ್ತೆ ರೀಲ್ಸ್ ನೋಡುತ್ತ ಮಲಗುತ್ತಾರೆ. ಹಳದಿ ಪರದೆಯಲ್ಲೂ ರೀಲ್ಸ್ ಮುಗಿಯುವುದಿಲ್ಲ.

ಕೊನೆಯೇ ಇಲ್ಲದ ಪುಟ

ಹಿಂದೆ ವಾರಪತ್ರಿಕೆಯ ಧಾರಾವಾಹಿ ಓದುತ್ತ ಮಲಗುವವರಿದ್ದರು. ಕಥೆ ಎಷ್ಟೇ ರೋಚಕವಾಗಿರಲಿ, ಪುಟದ ಕೊನೆಯಲ್ಲಿ 'ಮುಂದಿನ ಸಂಚಿಕೆಗೆ' ಎಂಬ ಸಾಲು ಬರುತ್ತಿತ್ತು. ಅಲ್ಲಿಗೆ ಪತ್ರಿಕೆ ಮಡಚಿ ದೀಪ ಆರಿಸುವುದು. ಆ ಸಾಲು ನಮಗೆ ನಿಲ್ಲುವ ಜಾಗ ತೋರಿಸುತ್ತಿತ್ತು. 2006ರಲ್ಲಿ ಏಜ಼ಾ ರಾಸ್ಕಿನ್ ಎಂಬ ವಿನ್ಯಾಸಕಾರ, ಓದುಗ ಕೆಳಕ್ಕೆ ಹೋದಂತೆಲ್ಲ ತಾನಾಗಿ ಹೊಸದು ತುಂಬಿಕೊಳ್ಳುವ ಪುಟವನ್ನು ರೂಪಿಸಿದರು. ಇಂದಿನ ಎಲ್ಲ ಫೀಡ್‌ಗಳೂ ಅದೇ ಬಗೆಯವು. ಅಲ್ಲಿ ನಿಲ್ಲುವ ಜಾಗವನ್ನೇ ತೆಗೆದುಹಾಕಲಾಗಿದೆ. ಅದರಿಂದ ತನಗೆ ಪಶ್ಚಾತ್ತಾಪವಾಗಿದೆ ಎಂದು ರಾಸ್ಕಿನ್ ಅವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡರು.

ಹಗಲಾದರೆ ಕೆಲಸ ಕರೆಯುತ್ತದೆ, ಬಸ್ಸು ಬರುತ್ತದೆ, ಯಾರೋ ಮಾತಾಡಿಸುತ್ತಾರೆ, ಫೋನು ಕೆಳಗಿಡುತ್ತೇವೆ. ರಾತ್ರಿ ಹಾಸಿಗೆಯಲ್ಲಿ ನಮ್ಮನ್ನು ಎಬ್ಬಿಸುವವರು ಯಾರೂ ಇರುವುದಿಲ್ಲ. ತಡೆಯುವುದಕ್ಕೆ ಉಳಿದಿರುವುದು ನಮ್ಮ ಮನಸ್ಸೊಂದೇ, ಅದೂ ದಿನವಿಡೀ ದುಡಿದು ದಣಿದಿರುತ್ತದೆ. ಆದ್ದರಿಂದಲೇ 'ಇನ್ನೈದೇ ನಿಮಿಷ' ಎಂಬ ಸಂಕಲ್ಪ ರಾತ್ರಿ ಹನ್ನೊಂದರ ಹೊತ್ತಿಗೆ ನಿಲ್ಲುವುದಿಲ್ಲ. ನಿರ್ಧಾರವನ್ನು ಮನಸ್ಸು ಗಟ್ಟಿಯಿರುವ ಹೊತ್ತಿನಲ್ಲಿ, ಸಂಜೆಯೇ ಮಾಡಿ ಮುಗಿಸಿರಬೇಕು.

ನೋಡುವ ವಸ್ತುವೂ ಲೆಕ್ಕಕ್ಕೆ ಬರುತ್ತದೆ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ಎಲ್ಲರಿಗೂ ಗೊತ್ತು. ಸಂತೆಯ ಗದ್ದಲ ಬೆಳಕಿಗಿಂತ ಒಳಗಿನ ಚಿಂತೆ ನಿದ್ದೆಗೆ ದೊಡ್ಡ ಶತ್ರು ಎಂದು ಅದು ಹೇಳುತ್ತದೆ. ಮಲಗಿದಲ್ಲೇ ಆಫೀಸಿನ ಗ್ರೂಪಿನಲ್ಲಿ ಬಂದ ಮೆಸೇಜು, ಅಪಘಾತದ ವಿಡಿಯೊ, ಸಹಪಾಠಿಯ ಹೊಸ ಕಾರಿನ ಫೋಟೊ, ಯಾರದೋ ಜಗಳದ ಕಾಮೆಂಟು ನೋಡಿದರೆ, ನಾವು ಸಂತೆಯ ಜೊತೆಗೆ ಚಿಂತೆಯನ್ನೂ ದಿಂಬಿನ ಪಕ್ಕಕ್ಕೆ ತಂದುಕೊಂಡಂತೆ.

ಹಾಸಿಗೆ ಕಲಿಯುವ ಪಾಠ

ಈಗ ಆ ಅರ್ಧ ಗಂಟೆಯ ಹೊರಳಾಟಕ್ಕೆ ಬರೋಣ. ಫೋನು ಕೆಳಗಿಟ್ಟಾಗಿದೆ, ಕೋಣೆ ಕತ್ತಲಾಗಿದೆ, ಮೈ ದಣಿದಿದೆ. ಆದರೂ ನಿದ್ದೆ ಏಕೆ ಬರುವುದಿಲ್ಲ?

ರಿಚರ್ಡ್ ಬೂಟ್ಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1972ರಲ್ಲಿ ಇದಕ್ಕೊಂದು ಸರಳ ವಿವರಣೆ ಕೊಟ್ಟರು. ಮೈ ಜಾಗಗಳಿಂದ ಪಾಠ ಕಲಿಯುತ್ತದೆ. ಊಟದ ತಟ್ಟೆಯ ಮುಂದೆ ಕೂತರೆ ಬಾಯಲ್ಲಿ ನೀರೂರುವ ಹಾಗೆ, ಹಾಸಿಗೆಯಲ್ಲಿ ನಿದ್ದೆ ಮಾತ್ರ ಮಾಡುವವನಿಗೆ ಹಾಸಿಗೆ ಕಂಡರೇ ಮಂಪರು ಬರುತ್ತದೆ. ಅದೇ ಹಾಸಿಗೆಯಲ್ಲಿ ದಿನಾ ಎರಡು ಗಂಟೆ ನಗು, ಸಿಟ್ಟು, ಕುತೂಹಲ, ಚಾಟಿಂಗ್ ನಡೆದರೆ, 'ಇದು ಎಚ್ಚರವಿರಬೇಕಾದ ಜಾಗ' ಎಂದು ಮೈ ಕಲಿತುಬಿಡುತ್ತದೆ. ಸೋಫಾದ ಮೇಲೆ ತೂಕಡಿಸುತ್ತಿದ್ದವರು ಹಾಸಿಗೆಗೆ ಹೋದ ಕೂಡಲೇ ಕಣ್ಣು ಬಿಟ್ಟುಕೊಂಡು ಮಲಗುತ್ತಾರಲ್ಲ, ಈ ಪಾಠ ಬೇರೂರಿದೆ ಎನ್ನುವುದಕ್ಕೆ ಅದೇ ಗುರುತು.

ಹಳೆಯ ಮನೆಗಳಲ್ಲಿ ಈ ತೊಂದರೆಗೆ ಜಾಗವೇ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿ ಮೂಲೆಗೆ ಇಡುತ್ತಿದ್ದರು, ರಾತ್ರಿ ಮಲಗುವ ಹೊತ್ತಿಗೆ ಬಿಚ್ಚಿ ಹಾಸುತ್ತಿದ್ದರು. ಮಾತುಕತೆ ಜಗಲಿಯಲ್ಲಿ, ಓದು ನಡುಮನೆಯಲ್ಲಿ. ಹಾಸಿಗೆ ಕಣ್ಣಿಗೆ ಬೀಳುತ್ತಿದ್ದುದೇ ನಿದ್ದೆಯ ಹೊತ್ತಿನಲ್ಲಿ. ಬೂಟ್ಜಿನ್ ಬರೆದ ನಿಯಮಗಳ ಸಾರವೂ ಇದೇ: ಹಾಸಿಗೆಗೆ ನಿದ್ದೆಯ ಹೊರತು ಬೇರೆ ಕೆಲಸ ಕೊಡಬೇಡಿ. ದಂಪತಿಗಳ ಸಹವಾಸಕ್ಕೆ ಮಾತ್ರ ಅವರು ವಿನಾಯಿತಿ ಕೊಟ್ಟಿದ್ದರು.

ಮೊದಲ ನಿಯಮ: ಚಾರ್ಜರ್ ಜಾಗ ಬದಲಿಸಿ

'ಹಾಸಿಗೆಯಲ್ಲಿ ಫೋನು ನೋಡುವುದಿಲ್ಲ' ಎಂಬ ಪ್ರತಿಜ್ಞೆಯ ಬದಲು ಚಾರ್ಜರನ್ನು ಹಾಸಿಗೆಯ ಪಕ್ಕದ ಪ್ಲಗ್ಗಿನಿಂದ ಕಿತ್ತು ಅಡುಗೆಮನೆಗೆ ಒಯ್ಯಿರಿ. ನಮ್ಮ ಹುಡುಗನಿಗೆ ಇನ್ನೊಂದು ಕೋಣೆ ಇರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಹಾಕುವ ಪ್ಲಗ್ ಇತ್ತು, ಅದರ ಮೇಲೆ ಉಪ್ಪಿನ ಡಬ್ಬ ಇಡುವ ಕಲ್ಲಿನ ಹಲಗೆ. ಅದೇ ಫೋನಿನ ಮಲಗುವ ಜಾಗವಾಯಿತು. ರಾತ್ರಿ 11:15ಕ್ಕೆ ಫೋನು ಅಲ್ಲಿಗೆ ಹೋಗಬೇಕು, ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕೈಗೆ ಬರಬೇಕು. ದಿಂಬಿನ ಕೆಳಗಿನಿಂದ ಕೋಣೆಯ ಇನ್ನೊಂದು ಮೂಲೆಗೆ ಸರಿಸಿದರೆ ಸಾಕೇ? ಸಾಲದು. ಮಲಗಿದಲ್ಲಿಂದ ಎದ್ದು, ನಾಲ್ಕು ಹೆಜ್ಜೆ ನಡೆದು, ದೀಪ ಹಾಕಬೇಕಾದಷ್ಟು ದೂರ ಬೇಕು. ಅಷ್ಟು ದೂರ ಇದ್ದರೆ ಅರೆನಿದ್ದೆಯಲ್ಲಿ ಕೈ ತಾನಾಗಿ ಅಲ್ಲಿಗೆ ಹೋಗುವುದಿಲ್ಲ.

ಇದಕ್ಕೆ ಎಲ್ಲರೂ ಎತ್ತುವ ಆಕ್ಷೇಪ ಎರಡು. ಒಂದು, ಅಲಾರಂ. ಅಂಗಡಿಯಲ್ಲಿ ಸೆಲ್ ಹಾಕುವ ಸಾದಾ ಅಲಾರಂ ಗಡಿಯಾರ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ತಂದು, ಮುಖ ಗೋಡೆಯ ಕಡೆಗೆ ತಿರುಗಿಸಿ ಇಡಿ. ನಡುರಾತ್ರಿ ಗಂಟೆ ನೋಡಿದರೆ 'ಇನ್ನು ನಾಲ್ಕೇ ಗಂಟೆ ಉಳಿದಿದೆ' ಎಂಬ ಲೆಕ್ಕ ಶುರುವಾಗಿ, ಬರುವ ನಿದ್ದೆಯೂ ಹಾರಿಹೋಗುತ್ತದೆ. ಎರಡನೆಯದು, ಊರಿನಿಂದ ತುರ್ತು ಕರೆ ಬಂದರೆ ಏನು ಗತಿ ಎಂಬುದು. ಫೋನಿನಲ್ಲಿ Do Not Disturb ಹಾಕಿ, ಅದರೊಳಗೆ ಅಪ್ಪ, ಅಮ್ಮ, ಹೆಂಡತಿ ಅಥವಾ ಗಂಡನ ನಂಬರಿಗೆ ಮಾತ್ರ ಅನುಮತಿ ಕೊಡಿ. ಅದೇ ನಂಬರಿನಿಂದ ಬೆನ್ನುಬೆನ್ನಿಗೆ ಎರಡನೇ ಸಲ ಕರೆ ಬಂದರೆ ರಿಂಗ್ ಆಗುವ ವ್ಯವಸ್ಥೆಯೂ ಅದರಲ್ಲಿದೆ. ರಿಂಗಿನ ದನಿ ಪೂರ್ತಿ ಏರಿಸಿಟ್ಟರೆ ಅಡುಗೆಮನೆಯಿಂದಲೂ ಕೇಳುತ್ತದೆ.

ಹಾಡು ಕೇಳದೆ ನಿದ್ದೆ ಬರುವುದಿಲ್ಲ ಎನ್ನುವವರು ಕೇಳಬಹುದು. ಅರ್ಧ ಗಂಟೆಗೆ ತಾನಾಗಿ ನಿಲ್ಲುವಂತೆ ಟೈಮರ್ ಇಟ್ಟು, ಪರದೆ ಕೆಳಮುಖ ಮಾಡಿ, ದೂರದಲ್ಲೇ ಇರಿಸಿ. ಮುಂದಿನ ಹಾಡು ಹುಡುಕಲು ಕೈ ಚಾಚುವ ಹಾಗಿರಬಾರದು.

ಎರಡನೆಯ ನಿಯಮ: ಏಳುವ ಹೊತ್ತು ಕಟ್ಟಿಹಾಕಿ

ನಿದ್ದೆ ಸರಿಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ 'ಇವತ್ತಿಂದ 10 ಗಂಟೆಗೇ ಮಲಗ್ತೀನಿ' ಎಂದು ಶುರುಮಾಡುತ್ತಾರೆ. ಆ ರಾತ್ರಿ 12ರವರೆಗೆ ಸೂರು ನೋಡುತ್ತ ಮಲಗಿ, ಮರುದಿನ ಬಿಟ್ಟುಬಿಡುತ್ತಾರೆ. ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲ, ಯಾಕೆಂದರೆ ನಿದ್ದೆಯನ್ನು ಬಲವಂತವಾಗಿ ತರಿಸಲಾಗದು. ಏಳುವ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. ಆದ್ದರಿಂದ ಅಲ್ಲಿಂದಲೇ ಶುರುಮಾಡಬೇಕು.

ಇದರ ಹಿಂದಿನ ಕಾರಣ ತಿಳಿದರೆ ನಿಯಮ ಪಾಲಿಸುವುದು ಸುಲಭ. ನಿದ್ದೆ ಎರಡು ಶಕ್ತಿಗಳ ಹಿಡಿತದಲ್ಲಿದೆ ಎಂದು 1982ರಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ ಹೇಳಿದರು. ಒಂದು, ನಿದ್ದೆಯ ಹಸಿವು. ಎದ್ದ ಗಳಿಗೆಯಿಂದ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ, ಅದು ಹೆಚ್ಚಿದಷ್ಟೂ ನಿದ್ದೆ ಒತ್ತರಿಸಿ ಬರುತ್ತದೆ. ಇನ್ನೊಂದು, ಮಿದುಳಿನೊಳಗಿನ ಗಡಿಯಾರ. ಅದು ಬೆಳಗಿನ ಬೆಳಕು ನೋಡಿ ತನ್ನ ಮುಳ್ಳು ಸರಿಮಾಡಿಕೊಳ್ಳುತ್ತದೆ. ಭಾನುವಾರ ಹತ್ತೂವರೆಗೆ ಎದ್ದವನಿಗೆ ರಾತ್ರಿ 11ರ ಹೊತ್ತಿಗೆ ಹಸಿವೂ ಕೂಡಿರುವುದಿಲ್ಲ, ಗಡಿಯಾರವೂ ಹಿಂದೆ ಬಿದ್ದಿರುತ್ತದೆ. ಭಾನುವಾರ ರಾತ್ರಿ ನಿದ್ದೆ ಬಾರದಿರುವುದಕ್ಕೆ ಸೋಮವಾರದ ಆಫೀಸಿನ ಚಿಂತೆಯನ್ನು ದೂರುವ ಮೊದಲು, ಆ ಬೆಳಿಗ್ಗೆ ಎದ್ದ ಹೊತ್ತು ನೋಡಬೇಕು.

ಹುಡುಗನಿಗೆ ನಾವು ಗೊತ್ತುಮಾಡಿದ್ದು ಬೆಳಿಗ್ಗೆ 7. ವಾರದ ಏಳೂ ದಿನ 7. ರಾತ್ರಿ ಎಷ್ಟೇ ಹೊತ್ತಿಗೆ ಕಣ್ಣು ಹತ್ತಿರಲಿ, 7. ಎದ್ದ ಕೂಡಲೇ ಕಾಫಿ ಲೋಟ ಹಿಡಿದು ಟೆರೇಸಿಗೆ ಹೋಗಿ ಒಂದು ಇಪ್ಪತ್ತು ನಿಮಿಷ ಹೊರಗಿನ ಬೆಳಕಿನಲ್ಲಿ ಇರುವುದು. ಮೋಡ ಮುಚ್ಚಿದ ದಿನವೂ ಬಯಲಿನ ಬೆಳಕು ಟ್ಯೂಬ್‌ಲೈಟ್ ಹಾಕಿದ ಕೋಣೆಗಿಂತ ಹತ್ತಾರು ಪಟ್ಟು ಹೆಚ್ಚು. ಕೋಣೆಯೊಳಗಿನ ಕಣ್ಣಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಒಳಗಿನ ಗಡಿಯಾರಕ್ಕೆ ತಿಳಿಯುತ್ತದೆ.

ಹಗಲು ಕುಡಿಯುವ ಕಾಫಿ, ಟೀ ಲೆಕ್ಕ ಕೂಡ ಇಲ್ಲಿಯೇ ಬರುತ್ತದೆ. ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಹಸಿವು ಇರುತ್ತದೆ, ಆದರೆ ಮಿದುಳಿಗೆ ಅದು ಮುಟ್ಟುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಇಳಿಯಲು ಸುಮಾರು ಐದಾರು ಗಂಟೆ ಬೇಕು. ಸಂಜೆ 6ರ ಸ್ಟ್ರಾಂಗ್ ಕಾಫಿಯ ಅರ್ಧ ರಾತ್ರಿ 11ರಲ್ಲೂ ಮೈಯಲ್ಲಿರುತ್ತದೆ. ಮಧ್ಯಾಹ್ನ 2ರ ಒಳಗೆ ಕೊನೆಯ ಲೋಟ ಮುಗಿಸುವುದು ಕ್ಷೇಮ. ಮಧ್ಯಾಹ್ನದ ನಿದ್ದೆಯೂ ಅಷ್ಟೆ: ಮೂರು ಗಂಟೆಯ ಒಳಗೆ, ಇಪ್ಪತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಊಟಕ್ಕೆ ಮೊದಲು ತಿಂಡಿ ತಿಂದ ಹಾಗಾಗುತ್ತದೆ.

ಮೂರನೆಯ ನಿಯಮ: ನಿದ್ದೆ ಬಾರದಿದ್ದರೆ ಏಳಿ

ಮೂರು ನಿಯಮಗಳಲ್ಲಿ ಇದೇ ಕಷ್ಟದ್ದು, ಇದೇ ಹೆಚ್ಚು ಕೆಲಸ ಮಾಡುವುದು. ಕಣ್ಣು ಎಳೆಯುತ್ತಿದೆ ಅನ್ನಿಸಿದಾಗ ಮಾತ್ರ ಹಾಸಿಗೆಗೆ ಹೋಗಿ. ಸುಸ್ತು ಬೇರೆ, ನಿದ್ದೆ ಬರುವುದು ಬೇರೆ. ಸುಸ್ತಾದಾಗ ಮೈ ಕೂರಲು ಬಯಸುತ್ತದೆ. ನಿದ್ದೆ ಬರುವಾಗ ರೆಪ್ಪೆ ಭಾರವಾಗುತ್ತದೆ, ಆಕಳಿಕೆ ಬರುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತೀರಿ. ಹಾಸಿಗೆಗೆ ಹೋದ ಮೇಲೆ ಸುಮಾರು 20 ನಿಮಿಷ ಅನ್ನಿಸುವಷ್ಟು ಹೊತ್ತು ಕಳೆದರೂ ಕಣ್ಣು ಹತ್ತದಿದ್ದರೆ ಎದ್ದುಬಿಡಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು.

ಎದ್ದು ಏನು ಮಾಡುವುದು? ಮಂದ ಬೆಳಕಿನಲ್ಲಿ ಬೇಸರ ಬರಿಸುವ ಕೈಕೆಲಸ. ಒಗೆದ ಬಟ್ಟೆ ಮಡಚುವುದು, ಅವರೆಕಾಯಿ ಕಾಲವಾದರೆ ಕಾಯಿ ಬಿಡಿಸುವುದು, ಮೊದಲೇ ಓದಿದ ಹಳೆಯ ಪತ್ರಿಕೆ ತಿರುವುವುದು. ಫೋನು ಮಾತ್ರ ಬೇಡ. ಒಂದೇ ಕೋಣೆಯಿದ್ದವರು ಹಾಸಿಗೆ ಬಿಟ್ಟು ಕುರ್ಚಿಗೆ ಬಂದರೂ ಸಾಕು. ರೆಪ್ಪೆ ಭಾರವಾದ ಮೇಲೆ ಮತ್ತೆ ಹಾಸಿಗೆಗೆ. ಅಗತ್ಯವಿದ್ದರೆ ಒಂದೇ ರಾತ್ರಿಯಲ್ಲಿ ಎರಡು ಮೂರು ಸಲವೂ ಹೀಗೆ ಮಾಡಬೇಕಾದೀತು. ಪ್ರತಿ ಸಲವೂ ಮೈ ಒಂದೇ ಪಾಠ ಕೇಳಿಸಿಕೊಳ್ಳುತ್ತದೆ: ಎಚ್ಚರವಿರುವುದಾದರೆ ಬೇರೆಲ್ಲಾದರೂ ಇರು, ಇಲ್ಲಿ ನಿದ್ದೆ ಮಾತ್ರ.

ಫೋನು ಬಿಟ್ಟಾಗ ಉಳಿಯುವ ಮುಕ್ಕಾಲು ಗಂಟೆಗೆ ಏನಾದರೂ ತುಂಬಬೇಕು, ಇಲ್ಲದಿದ್ದರೆ ಕೈ ಅಡುಗೆಮನೆ ಕಡೆಗೇ ಎಳೆಯುತ್ತದೆ. ನಾನು ಎರಡು ಸಲಹೆ ಕೊಟ್ಟೆ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಹತ್ತು ನಿಮಿಷ ಬಿಸಿನೀರಿನ ಸ್ನಾನ. ಬಿಸಿನೀರು ಬಿದ್ದಾಗ ಕೈಕಾಲಿನ ಚರ್ಮಕ್ಕೆ ರಕ್ತ ಹರಿದು, ಆಮೇಲೆ ಒಳಗಿನ ಶಾಖ ಹೊರಗೆ ಹೋಗುತ್ತದೆ. ಮೈ ಒಳಗಿನಿಂದ ತಣ್ಣಗಾದರೆ ನಿದ್ದೆ ಬೇಗ ಬರುತ್ತದೆ. ಇನ್ನೊಂದು, ಐದು ನಿಮಿಷ ಕೂತು ನಾಳೆ ಮಾಡಬೇಕಾದ ಕೆಲಸಗಳನ್ನು ಕಾಗದದ ಮೇಲೆ ಬರೆಯುವುದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ಇದನ್ನು ಪರೀಕ್ಷಿಸಿದ್ದರು. ನಾಳೆಯ ಕೆಲಸ ಬರೆದವರು, ಮುಗಿದ ಕೆಲಸ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಬರೆದಿಟ್ಟದ್ದನ್ನು ತಲೆಯಲ್ಲಿ ಹೊತ್ತುಕೊಂಡು ಮಲಗಬೇಕಾಗಿಲ್ಲ.

ಐದು ವಾರದ ನೋಟ್‌ಬುಕ್ಕು

ಹುಡುಗ ಮೊದಲ ವಾರಗಳಲ್ಲಿ 11ಕ್ಕೆ ಹಾಸಿಗೆಗೆ ಹೋಗಲಿಲ್ಲ. ಅವನಿಗೆ ನಿಜವಾಗಿ ನಿದ್ದೆ ಬರುತ್ತಿದ್ದುದು 1ಕ್ಕೆ. ಆದ್ದರಿಂದ 12ಕ್ಕೆ ಮೊದಲು ಹಾಸಿಗೆ ಮುಟ್ಟಬೇಡ ಅಂದೆ. ಬೇಗ ಏಳು, ತಡವಾಗಿ ಮಲಗು ಎನ್ನುವುದು ವಿಚಿತ್ರವಾಗಿ ಕೇಳಬಹುದು. ಆದರೆ ಹಾಸಿಗೆಯಲ್ಲಿ ಎಚ್ಚರವಿರುವ ಹೊತ್ತನ್ನು ಕತ್ತರಿಸದೆ ಹಳೆಯ ಪಾಠ ಅಳಿಯುವುದಿಲ್ಲ. 12ರಿಂದ 7 ಅಂದರೆ ಏಳು ಗಂಟೆ, ಅವನು ಹಿಂದೆ ಮಾಡುತ್ತಿದ್ದ ನಿದ್ದೆಗಿಂತ ಹೆಚ್ಚೇ.

ಮೊದಲ ಮೂರು ರಾತ್ರಿ ಕಷ್ಟಪಟ್ಟ. "ದೊಡ್ಡಮ್ಮ, ಕೈ ತಾನಾಗಿ ದಿಂಬಿನ ಕೆಳಗೆ ಹೋಗುತ್ತೆ" ಅಂದ. ಎರಡನೇ ರಾತ್ರಿ ಎರಡು ಸಲ ಎದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬಟ್ಟೆ ಮಡಚಿದ, ಮರುದಿನ ಆಫೀಸಿನಲ್ಲಿ ಮಧ್ಯಾಹ್ನ ಕಣ್ಣು ಕೂರುತ್ತಿತ್ತು. ಆ ದಿನಗಳಲ್ಲಿ ಬೈಕು ಬೇಡ, ಬಸ್ಸಿನಲ್ಲಿ ಹೋಗು ಎಂದು ಹೇಳಿದ್ದೆ. ಹತ್ತನೇ ದಿನದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಕಣ್ಣು ಹತ್ತಿದ ಹೊತ್ತು 12:15 ಎಂದು ಬರತೊಡಗಿತು. ಅರ್ಧ ಗಂಟೆಯ ಹೊರಳಾಟ ಕಾಲು ಗಂಟೆಗೆ ಇಳಿದಿತ್ತು. ಅಲ್ಲಿಂದ ಮುಂದೆ ಐದಾರು ದಿನಕ್ಕೊಮ್ಮೆ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತಂದೆವು, ಅದರ ಜೊತೆಗೇ ಫೋನು ಅಡುಗೆಮನೆಗೆ ಹೋಗುವ ಹೊತ್ತನ್ನೂ. ಹೊರಳಾಟ ಮತ್ತೆ ಕಾಣಿಸಿಕೊಂಡರೆ ಅಲ್ಲೇ ನಿಲ್ಲಬೇಕು ಎಂಬುದು ಷರತ್ತು.

ನಡುವೆ ಒಂದು ಕ್ರಿಕೆಟ್ ಮ್ಯಾಚಿನ ರಾತ್ರಿ 1:30 ಆಯಿತು. ಕೆಟ್ಟಿತು ಎಂದು ಭಾನುವಾರ ಹತ್ತರವರೆಗೆ ಮಲಗಿದ್ದರೆ ಎರಡು ವಾರದ ಕೆಲಸ ಹಾಳಾಗುತ್ತಿತ್ತು. 7ಕ್ಕೇ ಎದ್ದ. ಆ ಇಡೀ ದಿನದ ಹಸಿವು ರಾತ್ರಿ ಕೆಲಸಕ್ಕೆ ಬಂತು, ಹಾಸಿಗೆಗೆ ಹೋದ ಹತ್ತು ನಿಮಿಷದಲ್ಲಿ ನಿದ್ದೆ. ಐದನೇ ವಾರದ ಸರಾಸರಿ ಹೀಗಿತ್ತು: ಹಾಸಿಗೆಗೆ 11:15, ನಿದ್ದೆ 11:35, ಎದ್ದದ್ದು 7. ಹಾಸಿಗೆಯಲ್ಲಿ ಕಳೆಯುವ ಹೊತ್ತು ಒಂದು ಗಂಟೆ ಕಡಿಮೆಯಾಗಿತ್ತು, ನಿದ್ದೆ ಮುಕ್ಕಾಲು ಗಂಟೆಗಿಂತ ಹೆಚ್ಚಾಗಿತ್ತು.

ಇದು ಎಲ್ಲಿ ಸಾಲದು?

ಈ ಬಗೆಯ ಶಿಸ್ತಿಗೆ 'ಸ್ಲೀಪ್ ಹೈಜೀನ್' ಎಂದು ಹೆಸರು. ಕಾಫಿ ಕಡಿಮೆ, ಕೋಣೆ ಕತ್ತಲು, ಬಿಸಿನೀರಿನ ಸ್ನಾನ ಇಂಥ ಸಲಹೆಗಳ ಪಟ್ಟಿಯೊಂದೇ ಹಳೆಯ ನಿದ್ರಾಹೀನತೆಗೆ ಮದ್ದಾಗದು ಎಂದು ಅಮೆರಿಕದ ನಿದ್ರಾವೈದ್ಯರ ಸಂಘ 2021ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದಿದ್ದರೆ, ಅದರಿಂದ ಹಗಲಿನ ಕೆಲಸ ಕೆಡುತ್ತಿದ್ದರೆ, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಹಾಸಿಗೆಯ ಹೊತ್ತು ಕತ್ತರಿಸುವುದು, ಎದ್ದು ಕೂರುವುದು, ನಿದ್ದೆಯ ಬಗೆಗಿನ ಭಯವನ್ನು ಮಾತಿನಿಂದ ತಿದ್ದುವುದು, ಇವೆಲ್ಲ ಸೇರಿದ ಆ ಚಿಕಿತ್ಸೆಗೆ ಸಿಬಿಟಿ-ಐ ಎನ್ನುತ್ತಾರೆ. ಮಾತ್ರೆಗಿಂತ ಮೊದಲು ಕೊಡಬೇಕಾದದ್ದು ಅದು.

ಇನ್ನು ಕೆಲವು ಲಕ್ಷಣಗಳು ಕಂಡರೆ ಫೋನನ್ನು ದೂರುತ್ತ ಕೂರದೆ ವೈದ್ಯರ ಬಳಿ ಹೋಗಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಬಿಕ್ಕಳಿಸಿದಂತೆ ಶುರುವಾಗುವುದು, ಎಂಟು ಗಂಟೆ ನಿದ್ದೆ ಮಾಡಿಯೂ ಹಗಲು ಕೂತಲ್ಲೇ ತೂಕಡಿಕೆ, ಮಲಗಿದ ಕೂಡಲೇ ಕಾಲಲ್ಲಿ ಹರಿದಾಡಿದಂತಾಗಿ ಅಲುಗಾಡಿಸದೆ ಇರಲಾರದ ತಳಮಳ, ವಾರಗಟ್ಟಲೆ ಮನಸ್ಸು ಕುಗ್ಗಿ ನಸುಕಿನಲ್ಲೇ ಎಚ್ಚರವಾಗುವುದು. ಮೂರ್ಛೆ ರೋಗ ಇದ್ದವರು, ಬೈಪೋಲಾರ್ ಕಾಯಿಲೆ ಇದ್ದವರು ಹಾಸಿಗೆಯ ಹೊತ್ತನ್ನು ತಾವಾಗಿ ಕಡಿಮೆ ಮಾಡಿಕೊಳ್ಳಬಾರದು, ನಿದ್ದೆ ಕಡಿಮೆಯಾದರೆ ಅವರ ಕಾಯಿಲೆ ಕೆರಳಬಹುದು. ರಾತ್ರಿ ಪಾಳಿಯವರಿಗೆ ಈ ಗಂಟೆಗಳು ಹೊಂದುವುದಿಲ್ಲ, ಆದರೆ ಚಾರ್ಜರಿನ ನಿಯಮ, ಎದ್ದು ಕೂರುವ ನಿಯಮ ಅವರಿಗೂ ಸಲ್ಲುತ್ತವೆ.

ಚಾರ್ಜರ್ ಜಾಗ ಬದಲಿಸಿದರೂ ದಿನಾ ರಾತ್ರಿ ಎದ್ದು ಹೋಗಿ ಫೋನು ತರುತ್ತಿದ್ದೀರಾ? ಅದು ಸಿಗದಿದ್ದರೆ ಸಿಟ್ಟು, ಚಡಪಡಿಕೆ ಆಗುತ್ತದೆಯಾ? ಆಗ ತೊಂದರೆ ನಿದ್ದೆಯದಷ್ಟೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ಇವತ್ತು ಸಂಜೆ, ಇನ್ನೂ ಬೆಳಕಿರುವಾಗಲೇ, ಹಾಸಿಗೆಯ ಪಕ್ಕದ ಚಾರ್ಜರ್ ಕಿತ್ತು ಅಡುಗೆಮನೆಗೆ ಒಯ್ಯಿರಿ. ಮೊನ್ನೆ ತಂಗಿಯ ಮಗ ಮತ್ತೆ ಬಂದಿದ್ದ. ರಾತ್ರಿ ಹಾಸಿಗೆ ಹಾಸುತ್ತಿದ್ದ ನನ್ನ ಬಳಿ ಬಂದು, "ದೊಡ್ಡಮ್ಮ, ನಿಮ್ಮ ಮಿಕ್ಸಿ ಪ್ಲಗ್ ಎಲ್ಲಿದೆ?" ಅಂತ ಕೇಳಿದ. ಹನ್ನೆರಡೂವರೆಗೆ ನಾನು ನೀರಿಗೆಂದು ಎದ್ದಾಗ ಹಾಲ್ ಪೂರ್ತಿ ಕತ್ತಲಾಗಿತ್ತು. ಅಡುಗೆಮನೆಯಲ್ಲಿ ಉಪ್ಪಿನ ಜಾಡಿಯ ಪಕ್ಕ ಅವನ ಫೋನು ಒಂದೇ ಒಂದು ಸಲ ಮಿನುಗಿ, ತಾನಾಗಿ ಆರಿತು.